ಉಳಿದುಹೋದ ಬಿಳಿ ಅಂಚು

ಕಾಪುವಿನ ನನ್ನ ಫೋಟೊ ಸ್ಟುಡಿಯೊಗೆ ಬಂದ ಆ ಹೆಂಗಸಿನ ಗಂಡ ಮೀನು ಹಿಡಿಯಲು ಹೋದವನು ದೋಣಿ ಮಗುಚಿ ತೀರಿಕೊಂಡಿದ್ದ. ಆಕೆ ಬಂದ ಮರುದಿನವೇ ಉತ್ತರಕ್ರಿಯೆ. ಹಾರ ಹಾಕಿ ದೀಪ ಇಡಲು ಅವನದೊಂದು ಒಳ್ಳೆಯ ಫೋಟೊ ಮನೆಯಲ್ಲಿರಲಿಲ್ಲ. ಆಕೆಯ ಮೊಬೈಲಿನಲ್ಲಿದ್ದದ್ದು ಒಂದೇ: ದೋಣಿಯ ಮೇಲೆ ನಿಂತು ನಗುತ್ತಿದ್ದಾನೆ, ಹಿಂದೆ ಉರಿಬಿಸಿಲಿಗೆ ಹೊಳೆಯುವ ಸಮುದ್ರ.

"ಅಣ್ಣ, ಹಿಂದೆ ಯಾವ ಬಣ್ಣ ಬೇಕಾದರೂ ಹಾಕಿ. ಸಮುದ್ರ ಮಾತ್ರ ಕಾಣಬಾರದು. ಅತ್ತೆಗೆ ನೋಡಲಿಕ್ಕೆ ಆಗುವುದಿಲ್ಲ."

"ಆಯ್ತು ತಂಗಿ, ಅದೆಂತ ದೊಡ್ಡ ಕೆಲಸ!" ಎಂದೆ.

ದೊಡ್ಡ ಕೆಲಸವಲ್ಲ, ನಿಜ. ಕಂಪ್ಯೂಟರಿನಲ್ಲಿ ಆಳಿನ ಸುತ್ತ ಸೆಲೆಕ್ಷನ್ ಮಾಡಿದರೆ ಚುಕ್ಕೆಗೆರೆಯೊಂದು ಓಡುತ್ತದೆ. ಆದರೆ ಮೈಯ ಅಂಚಿನಲ್ಲಿ ಹಿನ್ನೆಲೆಯ ಬೆಳಕೂ ಬೆರೆತಿರುತ್ತದೆ. ಅದಕ್ಕೇ ಆ ಗೆರೆಯನ್ನು ಒಂದೆರಡು ಪಿಕ್ಸೆಲ್ ಒಳಕ್ಕೆ ಕುಗ್ಗಿಸಿ, ಆಮೇಲೆ ಹೊರಗಿನದನ್ನು ಅಳಿಸಬೇಕು. ಇಲ್ಲದಿದ್ದರೆ ಸುತ್ತಲೂ ಬಿಳಿ ಅಂಚು ಉಳಿಯುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಮದುವೆ ಆಲ್ಬಮ್ಮಿಗೆ ಬಿಳಿ ಹಿನ್ನೆಲೆಯೇ ಹಾಕಿ ಹಾಕಿ, ಕುಗ್ಗಿಸುವುದನ್ನು ಬಿಟ್ಟೇಬಿಟ್ಟಿದ್ದೆ. ಬಿಳಿಯ ಮೇಲೆ ಬಿಳಿ ಯಾರಿಗೆ ಕಾಣುತ್ತದೆ? ಅಂದು ಸಂಜೆಯೊಳಗೆ ಕಾರ್ಕಳಕ್ಕೆ ಒಂದು ಆಲ್ಬಮ್ ಮುಟ್ಟಿಸಬೇಕಿತ್ತು ಬೇರೆ. ಸೆಲೆಕ್ಷನ್ ಮಾಡಿದೆ, ಹೊರಗಿನದನ್ನು ಅಳಿಸಿದೆ, ಕಡುನೀಲಿ ತುಂಬಿದೆ.

ಪ್ರಿಂಟ್ ಹೊರಬಂದಾಗ ಕೂದಲಿನಿಂದ ಹೆಗಲವರೆಗೆ ಬಿಳಿ ಗೆರೆ ಕಂಡಿತು. ಕಂಡೂ ಫ್ರೇಮ್ ಹಾಕಿಸಿದೆ. ಆಕೆ ಅದರ ಮೇಲೆ ಬೆರಳಿಟ್ಟು, "ಇದೆಂತ ಅಣ್ಣ?" ಎಂದಾಗ, "ದೇವರ ಪಟದಲ್ಲಿ ಪ್ರಭೆ ಇರುವುದಿಲ್ವಾ, ಹಾಗೆ. ಚಂದ ಉಂಟು" ಎಂದುಬಿಟ್ಟೆ. ನಂಬಿದಳೋ, ಕೇಳಲು ಸಂಕೋಚಪಟ್ಟಳೋ. ಫೋಟೊವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಆ ಸುಳ್ಳು ನನ್ನನ್ನು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಫೈಲ್ ತೆರೆದು, ಎರಡು ಪಿಕ್ಸೆಲ್ ಕುಗ್ಗಿಸಿ ಅಳಿಸಿದೆ. ಗೆರೆ ಹೋಯಿತು, ಅಷ್ಟೇ ಕೆಲಸ. ಹೊಸ ಪ್ರಿಂಟ್ ಹಿಡಿದು ಅವರ ಮನೆಗೆ ಹೋಗುವಷ್ಟರಲ್ಲಿ ತೀರಿಹೋದವನಿಗೆಂದು ಹಾಕಿದ ಎಲೆಯ ಮುಂದೆ ಫೋಟೊ ಇಟ್ಟು, ಬಡಿಸಿ, ಎಲ್ಲರೂ ಕೈಮುಗಿದಾಗಿತ್ತು.

ಅವನ ತಾಯಿ ಫೋಟೊದ ಎದುರೇ ಕುಳಿತಿದ್ದರು. ನಾನು ಬಂದ ಕಾರಣ ಹೇಳಿದೆ. ಮುದುಕಿ ಹೊಸದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಇದರಲ್ಲಿ ನೀರಿಲ್ಲ," ಎಂದರು. "ಅದರಲ್ಲಿ ಉಂಟು. ತಲೆ ಸುತ್ತ ಹೊಳೀತದಲ್ವಾ, ಅದು ನೀರೇ. ನಾನು ಬೆಳಿಗ್ಗೆಯೇ ನೋಡಿದೆ."

"ಬದಲಿಸಿ ಕೊಡ್ತೇನೆ, ಅಮ್ಮ."

"ಬೇಡ ಮಾರಾಯ. ಬಡಿಸಿ ಆಯ್ತು, ಅವನು ಬಂದು ಕೂತಾಯ್ತು. ಇನ್ನು ಎಬ್ಬಿಸುವುದು ಹೇಗೆ?"

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಪ್ರಭೆ ಎಂದು ಹೇಳಿದ್ದ ನನ್ನ ಮುಖವನ್ನು ಒಮ್ಮೆ ನೋಡಿ, ಊಟಕ್ಕೆ ಎಲೆ ಹಾಕಲು ಒಳಗೆ ಹೋದಳು. ನಾನು ಉಂಡೆ. ಎದುರಿಗೇ ಅವನು ನಗುತ್ತಿದ್ದ, ಸುತ್ತ ತೆಳ್ಳಗೆ ಸಮುದ್ರ.