ಇಲ್ಲದ ಮೂರನೇ ಕೀ

ನಮ್ಮ ಮಹಡಿಯಲ್ಲಿ ಎರಡೇ ಮನೆ. ನನ್ನ ಬಾಗಿಲು ತೆಗೆದರೆ ಎದುರಿಗೆ ಬೀಗದವನ ಬಾಗಿಲು. ಮಧ್ಯೆ ಚಪ್ಪಲಿ ಬಿಡುವಷ್ಟೇ ಜಾಗ. ನನ್ನ ಯಜಮಾನರು ಇದ್ದಾಗಲೇ ಅವನೂ ಅವನ ಹೆಂಡತಿಯೂ ಬಂದು ಸೇರಿದ್ದರು. ಮಕ್ಕಳಿರಲಿಲ್ಲ. ನನ್ನನ್ನು ದೊಡ್ಡಮ್ಮ ಅಂತ ಕರೆಯುತ್ತಿದ್ದರು.

ಬ್ಯಾಂಕಿನ ಪಕ್ಕದ ಗೋಡೆಗೆ ಒಂದು ಮರದ ಪೆಟ್ಟಿಗೆ ಒರಗಿಸಿಕೊಂಡು ಅವನು ಕೂರುತ್ತಿದ್ದ. ತಂತಿಗೆ ಪೋಣಿಸಿದ ಹಲ್ಲಿಲ್ಲದ ಕೀಗಳು, ಎರಡು ಅರ, ಕೀ ಕಚ್ಚಿ ಹಿಡಿಯುವ ಒಂದು ಕಬ್ಬಿಣದ ವೈಸು, ಅಷ್ಟೇ ಅವನ ಅಂಗಡಿ. ಕೆಲಸದಲ್ಲಿ ಅವನದೊಂದು ಕಟ್ಟುನಿಟ್ಟಿತ್ತು. ಯಾರಾದರೂ ಸೋಪಿನ ಮೇಲೆ ಕೀ ಒತ್ತಿದ ಗುರುತು ತಂದರೆ ಮುಟ್ಟುತ್ತಿರಲಿಲ್ಲ. "ಬೀಗ ತಗೊಂಡ್ಬಾ, ಇಲ್ಲ ಬಾಗಿಲು ತೋರ್ಸು. ಸೋಪು ಸ್ನಾನಕ್ಕೆ ಇಟ್ಕೋ" ಅನ್ನುತ್ತಿದ್ದ. ಮುಚ್ಚಿದ ಮನೆ ತೆಗೆಯಲು ಕರೆದರೆ ಮೊದಲು ಪಕ್ಕದ ಮನೆಯವರನ್ನು ಕರೆದು ನಿಲ್ಲಿಸಿಕೊಳ್ಳುತ್ತಿದ್ದ. ಇದು ಇವರದೇ ಮನೆ ಅಂತ ಅವರ ಬಾಯಲ್ಲಿ ಬರಬೇಕು, ಆಮೇಲೆ ಚೀಲ ಬಿಚ್ಚುವುದು. ಇದರಿಂದ ಎಷ್ಟೋ ಗಿರಾಕಿ ಬೈದುಕೊಂಡು ಹೋಗಿದ್ದಾರೆ.

ಅವನ ಹೆಂಡತಿಗೆ ಮಂಡಿ ಕೈಕೊಟ್ಟಿತು. ಮೊದಲು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದಳು, ಆಮೇಲೆ ನನ್ನ ಭುಜ ಹಿಡಿಯುತ್ತಿದ್ದಳು, ಆಮೇಲೆ ಇಳಿಯುವುದನ್ನೇ ಬಿಟ್ಟಳು. "ನಾನೀಗ ಮೇಲಿನ ಲೋಕದವಳು ದೊಡ್ಡಮ್ಮ. ಇಳಿದು ಬರೋಕೆ ಪುಣ್ಯ ಸಾಲದು" ಅಂತ ನಗುತ್ತಿದ್ದಳು. ಅವಳಿಗೆ ಬೀದಿ ಅಂದರೆ ಪ್ರಾಣ. ತರಕಾರಿಯವನ ಹತ್ತಿರ ಜಗಳ ಆಡದೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅವನು ಊರೆಲ್ಲ ಸುತ್ತಿ, ಸ್ಕೂಲಿನ ಹಿಂದೆ ನೆಲಮಟ್ಟದ ಒಂದು ಮನೆ ಹುಡುಕಿದ. ರಿಟೈರಾದ ಟೀಚರಮ್ಮನ ಮನೆ. ಹೊಸ್ತಿಲು ದಾಟಿದರೆ ಬೀದಿ. ಐದು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳಿದರು. ಕೈಯಲ್ಲಿದ್ದದ್ದು ಒಂದು ತಿಂಗಳದ್ದು. ಅದನ್ನು ಕೊಟ್ಟು, ಉಳಿದದ್ದನ್ನು ಹಳೇ ಮನೆಯ ಅಡ್ವಾನ್ಸ್ ಬಂದ ಕೂಡಲೇ ಕೊಡುತ್ತೇನೆ ಅಂದ. ಟೀಚರಮ್ಮ ಒಪ್ಪಿ, ಮನೆಗೆ ಬಂದ ಮೇಲೆ ಒಂದು ತಿಂಗಳು ಗಡುವು ಹೇಳಿದರು. ನಮ್ಮ ಓನರ್ ಹತ್ತಿರ ಅವನ ಆರು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಇತ್ತು. ಬಣ್ಣಕ್ಕೆ ಒಂದು ತಿಂಗಳದ್ದು ಹಿಡಿದುಕೊಳ್ಳುವುದು ಅಗ್ರಿಮೆಂಟಿನಲ್ಲೇ ಇತ್ತು. ಆದರೂ ಐದು ಉಳಿಯುತ್ತದೆ. ಟೀಚರಮ್ಮನಿಗೆ ಕೊಟ್ಟು ಮಂಡಿಯ ಡಾಕ್ಟರಿಗೂ ಸ್ವಲ್ಪ ಮಿಗುತ್ತದೆ ಅಂತ ಲೆಕ್ಕ.

ನಮ್ಮ ಓನರ್ ಇರುವುದು ಬೇರೆ ಊರಲ್ಲಿ. ಇಲ್ಲಿ ಬಾಡಿಗೆ ವಸೂಲಿ ಮಾಡುವುದು ಅವರ ಭಾವಮೈದ. ಇಡೀ ಬೀದಿಗೇ ಅವನು ಭಾವಮೈದ, ಬೇರೆ ಹೆಸರೇ ಇಲ್ಲ. ನಲ್ಲಿ ಸೋರಿದರೂ, ಗೋಡೆ ಒದ್ದೆಯಾದರೂ ಅವನದು ಒಂದೇ ಮಾತು: "ಮೇಲ್ ಹಾಕಿ. ಭಾವ ನೋಡ್ತಾರೆ." ಮನೆ ಬಿಡುತ್ತೇವೆ ಅನ್ನುವುದನ್ನೂ ಎರಡು ತಿಂಗಳು ಮುಂಚೆ ಮೇಲ್‌ನಲ್ಲೇ ತಿಳಿಸಿದ್ದಾಗಿತ್ತು.

ಬಿಡುವ ದಿನ ಬೀಗದವನು ಮನೆಯನ್ನು ಕನ್ನಡಿ ಹಾಗೆ ಒರೆಸಿದ. ಗೋಡೆಯ ಮೊಳೆ ಕಿತ್ತು ತೂತು ಮುಚ್ಚಿದ. ಕರೆಂಟಿನ ಕೊನೇ ಬಿಲ್ಲು ಕಟ್ಟಿದ ರಸೀದಿ ತೋರಿಸಿದ. ನನ್ನೆದುರಿಗೇ ಎರಡು ಕೀ ಭಾವಮೈದನ ಕೈಗೆ ಕೊಟ್ಟ. ಅವನು ನೋಡಲೂ ಇಲ್ಲ, ಜೇಬಿಗೆ ಹಾಕಿಕೊಂಡ.

"ಕೀ ತಗೊಂಡೆ ಅಂತ ಒಂದು ಚೀಟಿ ಬರೆದುಕೊಡಿ ಸ್ವಾಮಿ."

"ಅಯ್ಯೋ, ದೊಡ್ಡಮ್ಮ ಇದ್ದಾರಲ್ಲ. ಅವರಿಗಿಂತ ದೊಡ್ಡ ಚೀಟಿ ಬೇಕಾ?"

"ಅಡ್ವಾನ್ಸು?"

"ಮೇಲ್ ಹಾಕಿ."

ಬೀಗದವನ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹಮಾಲರು ಇಳಿಸಿದರು. "ಸಾಮಾನಿನ ಜೊತೆ ನನ್ನನ್ನೂ ಲೆಕ್ಕ ಹಾಕ್ಕೊಳ್ರೋ, ಕೂಲಿ ಜಾಸ್ತಿ ಬರುತ್ತೆ" ಅಂತ ಅವಳು ಅವರನ್ನೂ ನಗಿಸಿದಳು.

ಮಾರನೇ ದಿನ ಅವನು ನನ್ನನ್ನು ಜೆರಾಕ್ಸ್ ಅಂಗಡಿಗೆ ಕರೆದುಕೊಂಡು ಹೋದ. ಕೀ ಕೊಟ್ಟಿದ್ದನ್ನು ನೋಡಿದವಳು ನಾನೇ ಅಲ್ಲವೇ. ಅಂಗಡಿಯ ಹೆಂಗಸೇ ಅವನ ಹೆಸರಿಗೆ ಮೇಲ್ ಐಡಿ ಮಾಡಿಕೊಟ್ಟಿದ್ದವಳು. ಬೆರಳು ಮಳೆಹನಿ ಬಿದ್ದ ಹಾಗೆ ಓಡುತ್ತದೆ ಅವಳದು. ಮನೆಯ ವಿಳಾಸ, ಖಾಲಿ ಮಾಡಿದ ತಾರೀಖು, ಬಾಡಿಗೆ ಕರೆಂಟು ಯಾವುದೂ ಬಾಕಿ ಇಲ್ಲ, ಕೀ ಇಂಥವರ ಕೈಗೆ ಇಂಥವರ ಎದುರಿಗೆ ಕೊಟ್ಟಾಯಿತು, ಬಣ್ಣದ್ದು ಕಳೆದು ಉಳಿದ ಅಡ್ವಾನ್ಸನ್ನು ಈ ಬ್ಯಾಂಕ್ ಖಾತೆಗೆ ಹಾಕಿ, ಬೇರೇನಾದರೂ ಹಿಡಿದುಕೊಂಡರೆ ಬಿಲ್ಲು ಕಳಿಸಿ. ಅಗ್ರಿಮೆಂಟು, ರಸೀದಿಗಳ ಫೋಟೋ ಸೇರಿಸಿದಳು. ಒಮ್ಮೆ ಓದಿ ಹೇಳಿ, "ಕಳಿಸ್ಲಾ ಅಣ್ಣ?" ಅಂದಳು.

"ಇನ್ನೊಂದು ಸಾಲು ಸೇರ್ಸಮ್ಮ. ಮುಂಬಾಗಿಲಿನ ಹಳೇ ಬೀಗ ಸರಿ ಇರ್ಲಿಲ್ಲ, ಹೇರ್‌ಪಿನ್ನಿಗೂ ತೆಗೀತಿತ್ತು. ನಾನು ನನ್ನ ಖರ್ಚಲ್ಲೇ ಒಳ್ಳೇದು ಹಾಕಿದೀನಿ. ಅದನ್ನ ಬಿಚ್ಕೊಂಡು ಹೋಗಿಲ್ಲ, ಅವರಿಗೇ ಬಿಟ್ಟಿದೀನಿ. ದುಡ್ಡು ಬೇಡ ಅಂತ ಬರಿ."

"ಅವರು ಕೇಳಿಲ್ವಲ್ಲ ಅಣ್ಣ. ಕೇಳದೇ ಇರೋದನ್ನ ಯಾಕೆ ಹೇಳ್ಬೇಕು?"

"ಒಳ್ಳೇದು ಮಾಡಿದ್ದನ್ನ ಮುಚ್ಚಿಡ್ತಾರಾ? ನೋಡಿ ಅವರಿಗೂ ಮನಸ್ಸು ಕರಗುತ್ತೆ. ಬೇಗ ಹಾಕ್ತಾರೆ."

ಅವಳು ನನ್ನ ಮುಖ ನೋಡಿದಳು. ನನಗೂ ಅವನ ಮಾತು ಸರಿ ಅನ್ನಿಸಿತು. ಆ ಬೀಗ ಹಾಕಿದ ದಿನ ಅವನು ಮಗುವಿಗೆ ಹಾಲು ಕುಡಿಸುವ ಹಾಗೆ ಅದಕ್ಕೆ ಎಣ್ಣೆ ಬಿಟ್ಟಿದ್ದು ನಾನು ಕಂಡಿದ್ದೆ. ಅವಳು ಆ ಸಾಲು ಸೇರಿಸಿ ಕಳಿಸಿದಳು.

ಉತ್ತರ ಬರಲಿಲ್ಲ. ಅವನು ದಿನಾ ಸಂಜೆ ಪೆಟ್ಟಿಗೆ ಮುಚ್ಚಿ ಜೆರಾಕ್ಸ್ ಅಂಗಡಿಗೆ ಹೋಗಿ ನಿಲ್ಲುತ್ತಿದ್ದ. ಅವಳು ಕೆಲಸದ ಮಧ್ಯೆಯೇ ತಲೆ ಅಲ್ಲಾಡಿಸುವಳು, ಅವನು ಹೊರಡುವನು. ಟೀಚರಮ್ಮನ ಗಡುವು ಮುಗಿಯುತ್ತಾ ಬಂದಾಗ ಕೊನೆಗೆ ಉತ್ತರ ಬಂತು. ನನಗೂ ಹೇಳಿ ಕಳಿಸಿದ. ಅವಳು ಗಟ್ಟಿಯಾಗಿ ಓದಿದಳು.

ಅಗ್ರಿಮೆಂಟಿನ ಪ್ರಕಾರ ನಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಮನೆಯಲ್ಲಿ ಏನನ್ನೂ ಬದಲಾಯಿಸುವಂತಿಲ್ಲ. ಬೀಗ ಬದಲಾಯಿಸಿರುವುದನ್ನು ನೀವೇ ಒಪ್ಪಿಕೊಂಡಿದ್ದೀರಿ. ನಿಮ್ಮ ಕಸುಬೇ ಕೀ ಮಾಡುವುದು. ನಿಮ್ಮಲ್ಲಿ ಇನ್ನೊಂದು ಕೀ ಇಲ್ಲ ಅಂತ ಮುಂದೆ ಬರುವ ಬಾಡಿಗೆದಾರರಿಗೆ ನಾವು ಹೇಗೆ ಹೇಳುವುದು? ಎಲ್ಲ ಬಾಗಿಲಿನ ಬೀಗ ತೆಗೆಸಿ ಹೊಸದು ಹಾಕಿಸಬೇಕು, ಬೀಗಕ್ಕೆಂದು ಕೊರೆದ ಬಾಗಿಲನ್ನೂ ಬದಲಿಸಬೇಕು. ಇದಕ್ಕೆ ಎರಡು ತಿಂಗಳ ಬಾಡಿಗೆ, ಬಣ್ಣಕ್ಕೆ ಒಂದು. ಉಳಿದ ಮೂರು ತಿಂಗಳದ್ದನ್ನು ಹಾಕಿದ್ದೇವೆ.

ಓದಿ ಮುಗಿದರೂ ಅವನು ಪರದೆ ನೋಡುತ್ತಲೇ ಇದ್ದ.

"ಇದ್ದದ್ದು ಎರಡೇ ಕೀ" ಅಂದ. "ಇಲ್ಲದೇ ಇರೋ ಕೀನ ನಾನು ಎಲ್ಲಿಂದ ತಂದು ತೋರ್ಸಲಿ ದೊಡ್ಡಮ್ಮ?"

ಇದ್ದದ್ದನ್ನು ಕೊಟ್ಟೆ ಅಂದರೆ ನಾನು ಸಾಕ್ಷಿ. ಇಲ್ಲದ್ದಕ್ಕೆ ಯಾರು ಸಾಕ್ಷಿ?

ಇನ್ನೊಂದು ಮೇಲ್ ಹಾಕಿದರು. ಬೀಗ ಹಾಕಿಸಿದ ಬಿಲ್ಲು ಕಳಿಸಿ ಅಂತ. ನನ್ನ ಮಾತೂ ಸೇರಿಸಿ ನನ್ನ ಸಹಿಯ ಫೋಟೋ ಕಳಿಸಿದರು. ಉತ್ತರವೇ ಇಲ್ಲ. ಕೋರ್ಟಿನ ಮುಂದೆ ಕೂರುವ ಒಬ್ಬ ವಕೀಲರಿಗೆ ಕಾಗದಗಳನ್ನು ತೋರಿಸಿದ. ಅವರು ಒಳ್ಳೆಯವರೇ, ಸುಳ್ಳು ಆಸೆ ಹುಟ್ಟಿಸಲಿಲ್ಲ. "ಖರ್ಚಿನ ಬಿಲ್ಲು ಕೇಳೋ ಹಕ್ಕು ನಿಮಗಿದೆ. ನೋಟಿಸು ಕೊಡಬಹುದು, ಕೇಸೂ ಹಾಕಬಹುದು. ಆದರೆ ಬೀಗ ಬದಲಾಯಿಸಿದೆ ಅಂತ ನೀವೇ ಬರೆದು ಕೊಟ್ಟಿದ್ದೀರಲ್ಲ. ಎಳೆದಾಡಿ ಎರಡು ತಿಂಗಳ ಬಾಡಿಗೆ ಬರೋ ಹೊತ್ತಿಗೆ ನನಗೇ ಮೂರು ತಿಂಗಳದ್ದು ಕೊಟ್ಟಿರ್ತೀರಿ" ಅಂದರಂತೆ.

ಅಷ್ಟರಲ್ಲಿ ಎದುರು ಮನೆಗೆ ಹೊಸಬರು ಬಂದರು. ಗಂಡ ಹೆಂಡತಿ, ಇಬ್ಬರೂ ಕೆಲಸಕ್ಕೆ ಹೋಗುವವರು. ಮೊದಲ ದಿನ ಅವರು ಬಾಗಿಲು ಹಾಕಿದಾಗ ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಆ ಸದ್ದು ಕೇಳಿ ಕೈ ನಿಂತಿತು. ಅದೇ ಬೀಗ. ಎರಡು ಸಲ ತಿರುಗಿ ಕೊನೆಗೆ ಗಂಟಲು ಸರಿಮಾಡಿಕೊಂಡ ಹಾಗೆ ಸದ್ದು ಮಾಡುತ್ತಿತ್ತು ಅದು. ಹೋಗಿ ನೋಡಿದೆ. ಬಾಗಿಲೂ ಅದೇ, ಬೀಗವೂ ಅದೇ.

ಬಾಡಿಗೆ ವಸೂಲಿಗೆ ಬಂದ ಭಾವಮೈದನನ್ನು ಕೇಳಿಯೇ ಬಿಟ್ಟೆ. "ಬೀಗ ಬದಲಾಯಿಸೋಕೆ ದುಡ್ಡು ಹಿಡ್ಕೊಂಡ್ರಲ್ಲಪ್ಪ, ಬದಲಾಯಿಸಲೇ ಇಲ್ವಲ್ಲ?"

ಅವನು ನೋಟು ಎಣಿಸುವುದನ್ನು ನಿಲ್ಲಿಸಲಿಲ್ಲ. "ಬದಲಾಯಿಸ್ತಾರೆ, ಬದಲಾಯಿಸ್ತಾರೆ. ಆತುರ ಏನು? ಅಂದಹಾಗೆ ದೊಡ್ಡಮ್ಮ, ನಿಮ್ಮ ಅಡ್ವಾನ್ಸೂ ಭಾವನ ಹತ್ರಾನೇ ಇದೆ ಅಲ್ವಾ?"

"ಇದೆಯಪ್ಪ. ಅದಕ್ಕೇ ಕೇಳಿದ್ದು."

"ಕೇಳೋದಿದ್ರೆ ಮೇಲ್ ಹಾಕಿ" ಅಂತ ನಗುತ್ತಾ ಇಳಿದು ಹೋದ.

ಬಂದ ಮೂರು ತಿಂಗಳ ದುಡ್ಡನ್ನು ಬೀಗದವನು ಹಾಗೇ ಟೀಚರಮ್ಮನ ಮುಂದೆ ಇಟ್ಟನಂತೆ. ಅವರು ಇನ್ನೊಂದು ತಿಂಗಳು ಕಾದರು. ಉಳಿದದ್ದು ಹೊಂದಲಿಲ್ಲ. ಪೂರ್ತಿ ಅಡ್ವಾನ್ಸ್ ತಂದ ಬೇರೆಯವರಿಗೆ ಮನೆ ಕೊಡುವ ಮಾತಾಯಿತು. ಟೀಚರಮ್ಮ ಇವನದನ್ನು ಒಂದು ಕಾಸೂ ಹಿಡಿಯದೆ ವಾಪಸ್ ಕೊಟ್ಟರು, ಅವರನ್ನು ಬೈಯುವುದಕ್ಕೂ ಆಗದು. ಆ ದುಡ್ಡಿಗೆ ಸಿಕ್ಕಿದ್ದು ಊರಾಚೆ ಮೂರನೇ ಮಹಡಿ. ಮತ್ತೆ ಕುರ್ಚಿ, ಮತ್ತೆ ಇಬ್ಬರು ಹಮಾಲರು. ಈ ಸಲ ಅವಳು ಏನೂ ತಮಾಷೆ ಮಾಡಲಿಲ್ಲವಂತೆ.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಎದುರು ಮನೆಯವರು ಕೀ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡರು. ಇನ್ನೊಂದು ಕೀ ಎಲ್ಲಿ ಅಂದರೆ ಅದೂ ಒಳಗೆ. ಬೀಗದವರು ಯಾರಾದರೂ ಗೊತ್ತಾ ಅಂತ ನನ್ನನ್ನು ಕೇಳಿದರು. ನನಗೆ ಗೊತ್ತಿರುವುದು ಒಬ್ಬನೇ. ಅವನಿಗೂ ನಾಲ್ಕು ಕಾಸು ಆಗಲಿ ಅಂತ ಫೋನ್ ಮಾಡಿದೆ. ನಮ್ಮ ಮಹಡಿಗೆ ಬಾ ಅಂದೆ, ಯಾವ ಬಾಗಿಲು ಅಂತ ಹೇಳಲಿಲ್ಲ. ನನ್ನದೇ ಅಂದುಕೊಂಡಿರಬೇಕು, ಸೈಕಲ್ ತುಳಿದುಕೊಂಡು ಓಡಿ ಬಂದ.

ಮೆಟ್ಟಿಲ ತಿರುವಿನಲ್ಲಿ ನಿಂತ. "ಇದಾ?" ಅಂದ.

ಬಂದು ಬೀಗದ ಹಿತ್ತಾಳೆಯನ್ನು ಹೆಬ್ಬೆರಳಿನಿಂದ ಒರೆಸಿದ. ಚೀಲ ಬಿಚ್ಚಲಿಲ್ಲ.

"ಇದನ್ನ ನಾನು ತೆಗೆಯಲ್ಲ."

"ಬೀಗದವರು ಅಂದ್ರಲ್ಲ ಅಜ್ಜಿ. ಇವರಿಗೆ ಬರಲ್ವಾ?" ಅಂತ ಆ ಗಂಡ ನನ್ನನ್ನೇ ಕೇಳಿದ.

"ಬರಲ್ಲ ಅಂತಲೇ ಇಟ್ಕೊಳ್ಳಿ ಸಾರ್." ಬೇರೊಬ್ಬನ ನಂಬರು ಹೇಳಿ ನನ್ನ ಕಡೆ ತಿರುಗಿದ. ಮೆಲ್ಲಗೆ ಅಂದ, "ನಾನು ಕೀ ಇಲ್ಲದೆ ತೆಗೆದರೆ, ನೋಡಿ, ನಾವು ಹೇಳ್ಲಿಲ್ವಾ ಅಂತಾರೆ ಓನರ್ ಕಡೆಯವರು, ದೊಡ್ಡಮ್ಮ."

ಕಾಫಿ ಕುಡಿದು ಹೋಗು ಅಂದರೂ ನಿಲ್ಲಲಿಲ್ಲ.

ಬೇರೆಯವನು ಬಂದು ಬಹಳ ಹೊತ್ತು ತಿಣುಕಿದ. ಕೊನೆಗೆ ಉಳಿ ಇಟ್ಟು ಒಡೆದ. ಬಾಗಿಲಿನ ಅಂಚೂ ಸೀಳಿತು. ಮಾರನೇ ದಿನ ಬೀಗದವನೇ ಫೋನ್ ಮಾಡಿದ.

"ಸುಲಭವಾಗಿ ತೆಗೆದನಾ?"

"ಇಲ್ಲಪ್ಪ. ಒಡೆದ."

"ಒಳ್ಳೇ ಬೀಗ ಅದು" ಅಂದ.

"ಅವಳು ಹೇಗಿದ್ದಾಳೆ?"

"ಇದ್ದಾಳೆ. ಕಿಟಕಿ ಹತ್ರ ಕುರ್ಚಿ ಹಾಕಿ ಕೊಟ್ಟಿದೀನಿ. ತರಕಾರಿಯವನು ಕಾಣ್ತಾನೆ. ಕೂಗಿದ್ರೆ ಅವನಿಗೆ ಕೇಳಿಸಲ್ಲ."