ಬಾಲದ ಚೀಟಿಗಳು

ನಮ್ಮ ವೇದಾವತಿ ಮೇಡಂ ಯಾರ ಮಾತನ್ನೂ ಮಧ್ಯದಲ್ಲಿ ತಡೆದದ್ದನ್ನು ನಾನು ಕಂಡಿಲ್ಲ. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ಮೈಸೂರಿನಲ್ಲಿ ಇಪ್ಪತ್ತು ವರ್ಷದಿಂದ ಅವರ ಕೆಲಸ. ಪಕ್ಕದಲ್ಲಿ ಕೂತು ಅಂಕ ಹಾಕುವುದು ನನ್ನದು. ಅವರಿಗೆ ತಾಳ್ಮೆ ಜಾಸ್ತಿ, ನನಗೆ ಹುಟ್ಟಿನಿಂದಲೇ ಇಲ್ಲ.

ಆ ವರ್ಷ ಬಂದವರು ಮರಿಸ್ವಾಮಿ, ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವರು. ಬಾಯಲ್ಲಿ ಉಳಿದಿದ್ದದ್ದು ಒಂದೇ ಮಾತು: "ಇಳಿ." ನೀರು ಬೇಕಾದರೂ ಇಳಿ, ಹೆಂಡತಿಯ ಮೇಲೆ ಸಿಟ್ಟು ಬಂದರೂ ಇಳಿ.

"ಊರೋರ್ನೆಲ್ಲ ಇಳ್ಸಿದ್ದಾಯ್ತು, ಈಗ ನನ್ ಸರದಿ" ಎಂದು ಹೆಂಡತಿ ಜಯಮ್ಮ ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಮೂರು ಪರೀಕ್ಷೆಯಲ್ಲೂ ಸೊನ್ನೆ ಬಂದರೆ ಚಿಕಿತ್ಸೆ ನಿಲ್ಲಿಸಿ, ಆ ಜಾಗ ಇನ್ನೊಬ್ಬರಿಗೆ ಕೊಡುವುದು ನಮ್ಮಲ್ಲಿ ಪದ್ಧತಿ. ಎರಡು ಸೊನ್ನೆ ಆಗಲೇ ಹಾಕಿದ್ದೆ. ಮೂರನೆಯ ಸಲದ ಚಿತ್ರದಲ್ಲಿ ಹುಡುಗಿಯೊಬ್ಬಳು ಹಸುವಿಗೆ ಬಾಳೆಹಣ್ಣು ಕೊಡುತ್ತಿದ್ದಳು. ಅದಕ್ಕೆ ತಕ್ಕ ಪದಗಳ ಚೀಟಿಗಳನ್ನು ಆರಿಸಿ ಸಾಲಾಗಿ ಇಡಬೇಕು. ಮರಿಸ್ವಾಮಿ ಒಂದೊಂದಾಗಿ ಇಟ್ಟರು: ಹಸುವಿಗೆ, ಬಾಳೆಹಣ್ಣನ್ನು, ಹುಡುಗಿ, ಕೊಡುತ್ತಾಳೆ. ನಾನು ಸೊನ್ನೆ ಬರೆದೆ.

"ಯಾಕಮ್ಮ ಸೊನ್ನೆ?" ಎಂದರು ಮೇಡಂ.

"ಹುಡುಗಿ ಮೊದಲ್ನೇ ಮನೇಲಿ ಇಲ್ವಲ್ಲ ಮೇಡಂ. ಅಂಕದ ಪಟ್ಟೀಲಿ ಹುಡುಗೀನೇ ಮೊದಲು ಬರ್ಬೇಕು ಅಂತಿದೆ."

"ಪಟ್ಟಿ ಇಂಗ್ಲಿಷಿಂದ ಎತ್ಕೊಂಡಿದ್ದು ಕಣೆ. ಅಲ್ಲಿ ಹುಡುಗಿ, ಹಸು ಜಾಗ ಬದಲಾಯ್ಸಿದ್ರೆ ಹಸೂನೇ ಹಣ್ಣು ಕೊಟ್ಬಿಡುತ್ತೆ. ನಮ್ಮಲ್ಲಿ 'ಗೆ' ಅನ್ನೋ ಬಾಲ ಇದ್ರೆ ಹಸು ಎಲ್ಲಿ ನಿಂತ್ರೂ ತಿನ್ನೋದು ಅದೇ. 'ಹುಡುಗಿಗೆ' ಅನ್ನೋ ಚೀಟೀನೂ ರಾಶೀಲಿತ್ತು, ಇವ್ರು ಮುಟ್ಟಿದ್ರಾ?"

ಮುಟ್ಟಿರಲಿಲ್ಲ. ನನಗೆ ನಾಚಿಕೆಯಾಯಿತು. "ಬಂದ್ರಾ ನಿಮ್ಮಪ್ಪ" ಎಂದು ಮನೆಯಲ್ಲಿ ದಿನವೂ ಹಿಂದುಮುಂದಾಗಿ ಕೇಳುವವಳು ನಾನೇ. ಹಿಂದಿನ ಎರಡು ಸೊನ್ನೆಗಳನ್ನೂ ಹೀಗೇ ಹಾಕಿದ್ದೆ.

ಪಟ್ಟಿ ಬದಲಾಯಿಸಲು ಒಪ್ಪದ ದೊಡ್ಡ ಡಾಕ್ಟರನ್ನು ಮೇಡಂ ಕಾಡಿ ಒಂದು ವಾರ ಪಡೆದರು. ಕತ್ತರಿ ಹಿಡಿದು ಪದಗಳ ಬಾಲಗಳನ್ನು ಬೇರೆಮಾಡಿ, ಬಸ್ ಟಿಕೆಟ್ಟಿನಷ್ಟೇ ಗಾತ್ರದ ಚೀಟಿಗಳನ್ನು ಮಾಡಿದರು: ಇಸು, ಬೇಕು, ಬೇಡ, ಗೆ, ಅಲ್ಲಿ. ಮರಿಸ್ವಾಮಿ ಅವನ್ನು ಬಸ್ಸಿನಲ್ಲಿ ಹಿಡಿಯುತ್ತಿದ್ದಂತೆಯೇ ಬೆರಳಸಂದಿಯಲ್ಲಿ ಸಿಕ್ಕಿಸಿಕೊಂಡ ರೀತಿ ನೋಡಿ ಜಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬುಧವಾರದ ಹೊತ್ತಿಗೆ 'ಇಳಿ'ಗೆ 'ಇಸು' ಅಂಟಿಸಿ "ಇಳಿಸು" ಎಂದರು. ಗುರುವಾರ ಅದೂ ಬರಲಿಲ್ಲ. ಚೀಟಿಗಳನ್ನು ಒಂದರ ಹಿಂದೊಂದು ಇಟ್ಟು ಮತ್ತೆ ತೆಗೆಯುತ್ತಿದ್ದರು.

ಶುಕ್ರವಾರ ದೊಡ್ಡ ಡಾಕ್ಟರು ಬಂದು ಫೈಲು ತಿರುವಿದರು. "ಕಾಯ್ತಿರೋರು ಬಹಳ ಜನ ಇದಾರೆ ವೇದಾವತಿ. ಮುಗ್ಸೋಣ."

ಜಯಮ್ಮ ಚೀಲ ಎತ್ತಿಕೊಂಡರು. ಮೇಡಂ ಮಾತ್ರ ಎಂದಿನಂತೆ ಮರಿಸ್ವಾಮಿಯ ಬಾಯನ್ನೇ ನೋಡುತ್ತ ಕೂತಿದ್ದರು. ಮರಿಸ್ವಾಮಿಯ ಬೆರಳುಗಳು ಚೀಟಿಗಳ ಮೇಲೆ ಒಂದೊಂದಾಗಿ ಸರಿದವು.

"ಇಳಿ... ಸ್... ಬೇಡಿ."

ಬೇಡ ಅಲ್ಲ, ಬೇಡಿ. ಮರ್ಯಾದೆ ಕೊಡುವ ಆ 'ಇ' ಬಾಲಕ್ಕೆ ನಾವು ಚೀಟಿ ಮಾಡಿಯೇ ಇರಲಿಲ್ಲ.

ಡಾಕ್ಟರು ಫೈಲು ಮುಚ್ಚಿ ಮೇಜಿನ ಮೇಲಿಟ್ಟರು. "ಯಾರೂ ಇಳ್ಸಲ್ಲ, ಕೂತ್ಕೊಳ್ಳಿ ಕಂಡಕ್ಟ್ರೇ" ಎಂದರು.