ಒಂದೇ ಉಂಡೆ

ಚನ್ನಪಟ್ಟಣದ ಪ್ರೌಢಶಾಲೆಯೊಂದರಲ್ಲಿ ನಾಲ್ಕು ತಾಲ್ಲೂಕುಗಳ ಮಕ್ಕಳಿಗೆ ಇಂಗ್ಲಿಷ್ ಉಕ್ತಲೇಖನ ಸ್ಪರ್ಧೆ ಏರ್ಪಟ್ಟಿತ್ತು. ತೀರ್ಪುಗಾರರು ಇಬ್ಬರು, ಇಬ್ಬರೂ ನಿವೃತ್ತ ಇಂಗ್ಲಿಷ್ ಮೇಷ್ಟರು. ಮಾಗಡಿಯಿಂದ ನಾನು. ಕನಕಪುರದಿಂದ ಬಂದವರು ಪಕ್ಕದ ಕುರ್ಚಿಯಲ್ಲಿ ಕುಳಿತೊಡನೆ ನನಗೆ ಬಿಸಿ ಉಪ್ಪಿಟ್ಟಿನ ವಾಸನೆ ಬಂದಂತಾಯಿತು. ಅಲ್ಲಿ ಉಪ್ಪಿಟ್ಟಿರಲಿಲ್ಲ. ಇದ್ದದ್ದು ನನ್ನ ನೆನಪು.

ರಾಮನಗರದ ಮೌಲ್ಯಮಾಪನ ಕೇಂದ್ರದಲ್ಲಿ ಈ ಮಹನೀಯರು ಒಮ್ಮೆ ನಮ್ಮ ಕೊಠಡಿಯ ಮುಖ್ಯಸ್ಥರಾಗಿದ್ದರು. ಗೆಳೆಯನಿಗೆ ಬರೆದ ಪತ್ರದಲ್ಲಿ ಯಾವುದೋ ಮಗು ‘I am alright’ ಎಂದು ಒಂದೇ ಪದವಾಗಿ ಬರೆದಿತ್ತು. ಸಲುಗೆಯ ಪತ್ರದಲ್ಲಿ ಅದು ನಡೆಯುತ್ತದೆಂದು ನಾನು ಪೂರ್ಣ ಅಂಕ ಕೊಟ್ಟಿದ್ದೆ. ಅವರು ಅಂಕ ಕಡಿದರು. ಅದನ್ನು ಸಹಿಸಿಕೊಳ್ಳಬಹುದಿತ್ತು. ಆದರೆ ತಿಂಡಿಯ ವೇಳೆಯಲ್ಲಿ, ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿರುವಾಗ, ಇಡೀ ಸಭಾಂಗಣಕ್ಕೆ ಕೇಳುವಂತೆ ಹೇಳಿದರು:

“ಮಾಗಡೀಲಿ ಇಂಗ್ಲಿಷ್ನೂ ಮುದ್ದೆ ತಿರುವ್ದಂಗೆ ತಿರುವ್ಬುಡ್ತಾರೆ ಕಣ್ರೀ. ಎರಡು ಪದ ಹಾಕುದ್ರೆ ಒಂದೇ ಉಂಡೆ!”

ಎಲ್ಲರೂ ನಕ್ಕರು. ಯಾರ್‍ಯಾರು ನಕ್ಕರೆಂಬುದನ್ನು ನಾನು ಇಂದಿಗೂ ಹೇಳಬಲ್ಲೆ.

ಸ್ಪರ್ಧೆಯ ನಿಯಮವನ್ನು ಬೆಳಿಗ್ಗೆಯೇ ಸಾರಲಾಗಿತ್ತು. ಮೇಜಿನ ಮೇಲಿರುವ ನಿಘಂಟಿನಲ್ಲಿ ಯಾವ ಕಾಗುಣಿತವಿದೆಯೋ ಅದು ಸರಿ, ತಪ್ಪೊಂದಕ್ಕೆ ಒಂದು ಅಂಕ ಹೋಗುತ್ತದೆ, ತೀರ್ಪುಗಾರರಿಬ್ಬರೂ ಒಪ್ಪಬೇಕು. ಮಧ್ಯಾಹ್ನದ ಹೊತ್ತಿಗೆ ಸಮನಾಗಿ ಉಳಿದವರು ಇಬ್ಬರೇ: ಚನ್ನಪಟ್ಟಣ ತಾಲ್ಲೂಕು ಹೊಂಗನೂರಿನ ಹುಡುಗ, ಕನಕಪುರ ತಾಲ್ಲೂಕು ದೊಡ್ಡಆಲಹಳ್ಳಿಯ ಹುಡುಗಿ. ಗೆದ್ದವರಿಗೆ ರಾಜ್ಯಮಟ್ಟದ ಸ್ಪರ್ಧೆಗೆ ಹೋಗುವ ಅವಕಾಶ. ಕರಿಹಲಗೆಯ ನಡುವೆ ಬೆಡ್‌ಶೀಟೊಂದನ್ನು ಇಳಿಬಿಟ್ಟು ಇಬ್ಬರನ್ನೂ ಎರಡು ಬದಿಗೆ ನಿಲ್ಲಿಸಿದರು. ಸೈಕಲ್ಲಿನಿಂದ ಬಿದ್ದವಳು ಈಗ ಸುಧಾರಿಸಿಕೊಂಡಿದ್ದಾಳೆ ಎಂಬ ಅರ್ಥದ ವಾಕ್ಯವನ್ನು ನಾನೇ ಓದಿದೆ. ಬೆಡ್‌ಶೀಟು ಸರಿಯಿತು. ಹುಡುಗ all right ಎಂದು ಎರಡು ಪದ ಬರೆದಿದ್ದ, ಆದರೆ bicycle ಪದದ ಕಾಗುಣಿತ ತಪ್ಪಿತ್ತು. ಹುಡುಗಿಯದು ಎಲ್ಲವೂ ನೇರ, ಕೊನೆಯಲ್ಲಿ ಮಾತ್ರ alright.

ಅದು ತಪ್ಪಾದರೆ ಮತ್ತೆ ಸಮ, ಇನ್ನೊಂದು ವಾಕ್ಯ. ಸರಿಯಾದರೆ ಹುಡುಗಿ ಗೆದ್ದಂತೆ.

ಹುಡುಗನ ಮೇಷ್ಟರು ಎದ್ದೇಬಿಟ್ಟರು. “ಸಾರ್, ಅಂಥ ಪದನೇ ಇಲ್ಲ! ಪರೀಕ್ಷೇಲಿ ಇದ್ಕೇ ನಮ್ ಮಕ್ಳಿಗೆ ಕಟ್ ಮಾಡ್ತಾರೆ.”

ನನ್ನ ಪಕ್ಕದವರು ಕುರ್ಚಿಯಿಂದ ಮುಂದೆ ಜರುಗಿದರು. “ಯಾಕಿಲ್ಲ? already ಐತೆ, altogether ಐತೆ. ಅವೆಲ್ಲ ಸೇರ್ಕಂಡಿಲ್ವಾ? ಇದೊಂದು ಸೇರ್ಕಂಡ್ರೆ ಏನ್ ಗಂಟೋಯ್ತು?”

ಸಭಾಂಗಣದಲ್ಲಿ ಕನಕಪುರದ ಮಕ್ಕಳ ಚಪ್ಪಾಳೆ, ಚನ್ನಪಟ್ಟಣದ ಮಕ್ಕಳ ಕೂಗು. ನಾನು ತಪ್ಪು ಎಂದರೆ ಅವರ ಬಾಯಿ ಮುಚ್ಚುತ್ತಿತ್ತು. ರಾಮನಗರದಲ್ಲಿ ಅವರೇ ಹಾಕಿಕೊಟ್ಟ ನಿಯಮ, ಅವರದೇ ತಾಲ್ಲೂಕಿಗೆ ಪೆಟ್ಟು. ಸರಿ ಎಂದರೆ ಗೆಲುವು ಅವರ ಕಡೆಗೆ. ಹುಡುಗಿ ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದಳು.

ನಿಘಂಟನ್ನು ತೆರೆದೆ. ಪದವಿತ್ತು. all right ಎಂಬುದರ ಇನ್ನೊಂದು ರೂಪವೆಂದು ಕೊಟ್ಟಿತ್ತು. ಕೆಲವರು ಇದನ್ನು ತಪ್ಪೆನ್ನುತ್ತಾರೆ, ಔಪಚಾರಿಕ ಬರಹದಲ್ಲಿ ಎರಡು ಪದವೇ ಲೇಸು ಎಂಬ ಟಿಪ್ಪಣಿಯೂ ಇತ್ತು. ರಾಮನಗರದಲ್ಲಿ ನಾನು ಹೇಳಿದ್ದೂ ಇಷ್ಟೇ. ಉತ್ತರಗಳು all right, ಅಂದರೆ ಎಲ್ಲವೂ ಸರಿ, ಎನ್ನುವಲ್ಲಿ ಎರಡು ಪದ ಬೇಕೇಬೇಕು. ಸುಧಾರಿಸಿಕೊಂಡಳು ಎನ್ನುವಲ್ಲಿ ಒಂದಾದರೂ ಅರ್ಥ ಕೆಡದು. ಅಂದಿನ ನನ್ನ ಮಾತನ್ನು ಇಂದು ಅವರ ಮೇಲಿನ ಸಿಟ್ಟಿಗೆ ನಾನೇ ಸುಳ್ಳು ಮಾಡಲೇ?

“ನಾನು ಒಪ್ತೀನಿ,” ಎಂದೆ. “ಆದ್ರೆ ತೀರ್ಪನ್ನ ಮೈಕಲ್ಲಿ ನೀವೇ ಹೇಳ್ಬೇಕು. ನಿಘಂಟನ್ನ ಓದೇ ಹೇಳ್ಬೇಕು.”

“ನೀವೇ ಹೇಳಿ ಮೇಷ್ಟ್ರೇ, ನಿಮ್ ಗಂಟ್ಲು ಚೆನ್ನಾಗೈತೆ.”

“ಇವತ್ತು ಮುದ್ದೆ ತಿರುವಿರೋದು ಕನಕಪುರದೋರು ಸಾರ್. ಉಂಡೆ ಕಟ್ಟಿ ಬಡ್ಸೋರೂ ಅವ್ರೇ ಆಗ್ಬೇಕಲ್ವಾ?”

ಅವರು ನನ್ನ ಮುಖವನ್ನು ನೋಡಿದರು. ಅವರೂ ಮರೆತಿರಲಿಲ್ಲ! ಅವರ ಮುಖ ಕಿವಿಯವರೆಗೂ ಕೆಂಪೇರಿತು. ನಿಘಂಟನ್ನೆತ್ತಿಕೊಂಡು ಮೈಕಿನ ಮುಂದೆ ನಿಂತು, ಟಿಪ್ಪಣಿಯ ಸಮೇತ ಓದಿ, “alright ಎಂಬುದನ್ನು ತಪ್ಪು ಎನ್ನಲಾಗದು” ಎಂದು ಸಾರಿದರು. ಇಡೀ ಸಭಾಂಗಣಕ್ಕೆ ಕೇಳಿತು. ನನಗೆ ಬೇಕಾಗಿದ್ದುದೂ ಅಷ್ಟೇ.

ಕಿರುಚಾಟವೆಲ್ಲ ತಗ್ಗಿದ ಮೇಲೆ ಹುಡುಗಿ ನನ್ನ ಬಳಿ ಬಂದಳು. ಕೈಯೆಲ್ಲ ಸುಣ್ಣ.

“ಸಾರ್, ಪರೀಕ್ಷೇಲಿ ಯಾವ್ದು ಬರೀಲಿ?”

“ಎರಡು ಪದ ಮಾಡೇ ಬರಿಯವ್ವ,” ಎಂದೆ, ಪಕ್ಕದ ಕುರ್ಚಿಯತ್ತ ತಿರುಗದೆಯೇ. “ತಿದ್ದೋರು ಯಾರಿರ್ತಾರೋ, ಯಾರಿಗ್ ಗೊತ್ತು?”